ಟೆಸ್ಟ್‌ನಲ್ಲಿ 95 ಇದ್ದ ಪ್ರಿಸಿಷನ್ ಲೈನ್ ಮೇಲೆ 16ಕ್ಕೆ ಬಿತ್ತು, ಮಾಡೆಲ್ ಕೆಟ್ಟಿತಾ?

ಇಲ್ಲ, ಕೆಟ್ಟಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ, ಈ ಸಲ ಪೂರ್ತಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದರ ಲಿಂಕ್ ಕಳಿಸಿ ಸುಮ್ಮನಾಗ್ತೀನಿ.

ಪ್ರಶ್ನೆ ಬರುವ ರೀತಿ ಯಾವಾಗಲೂ ಒಂದೇ. ಕೆಟ್ಟ ಪೀಸು ಹಿಡಿಯೋಕೆ ಕ್ಯಾಮೆರಾ ಹಾಕಿದ್ದಾರೆ, ಮಾಡೆಲ್ ಟ್ರೈನ್ ಮಾಡಿದ್ದಾರೆ, 500 ಒಳ್ಳೆ ಪೀಸು, 500 ಕೆಟ್ಟ ಪೀಸು ಇಟ್ಟು ಟೆಸ್ಟ್ ಮಾಡಿದ್ದಾರೆ. ಪ್ರಿಸಿಷನ್, ಅಂದರೆ ಕೆಟ್ಟದ್ದು ಅಂತ ತೆಗೆದವುಗಳಲ್ಲಿ ನಿಜವಾಗಿ ಕೆಟ್ಟವು, 95%. ರಿಕಾಲ್, ಅಂದರೆ ಇರುವ ಕೆಟ್ಟವುಗಳಲ್ಲಿ ಸಿಕ್ಕಿಬಿದ್ದವು, ಅದೂ 95%. ಎಲ್ಲರಿಗೂ ಖುಷಿ. ಲೈನ್‌ಗೆ ಹಾಕಿದ ಮೊದಲ ವಾರವೇ ಕ್ವಾಲಿಟಿಯವರು ಬಂದು, 'ಇದು ತೆಗೆದುಹಾಕಿದ 6 ಪೀಸಿನಲ್ಲಿ 5 ಸರಿಯಾಗೇ ಇವೆ, ಏನ್ರೀ ಇದು' ಅಂತಾರೆ.

ಎರಕದ ಪಂಪ್ ಕವರ್ ಅಂದುಕೊಳ್ಳಿ. ಮಷಿನಿಂಗ್ ಆದ ಮೇಲೆ ಸೀಲ್ ಕೂರುವ ಮುಖದಲ್ಲಿ ಬ್ಲೋ ಹೋಲ್, ಅಂದರೆ ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಆದ ತೂತು, ಇದೆಯಾ ಅಂತ ಕ್ಯಾಮೆರಾ ನೋಡಬೇಕು. ಇದ್ದರೆ ಎಣ್ಣೆ ಸೋರುತ್ತದೆ. ದಿನಕ್ಕೆ 10,000 ಪೀಸು, ಅದರಲ್ಲಿ 1% ಕೆಟ್ಟದ್ದು ಅಂತ ಇಟ್ಟುಕೊಳ್ಳೋಣ. ಅಂದರೆ 100 ಕೆಟ್ಟವು, 9,900 ಒಳ್ಳೆಯವು. ಮಾಡೆಲ್ ಕೆಟ್ಟವುಗಳಲ್ಲಿ 95% ಹಿಡಿಯುತ್ತದೆ, ಹಾಗಾಗಿ 95 ಸಿಕ್ಕವು. ಒಳ್ಳೆಯವುಗಳಲ್ಲಿ 5%ಕ್ಕೆ ಸುಮ್ನೆ ಕೂಗುತ್ತದೆ, ಅದು 495. ಒಟ್ಟು 590 ಪೀಸು ಪಕ್ಕಕ್ಕೆ ಬಂತು, ಅದರಲ್ಲಿ ನಿಜವಾಗಿ ಕೆಟ್ಟದ್ದು 95. ಭಾಗಿಸಿ ನೋಡಿ, 16%. ಇದೇ ಮಾಡೆಲ್ ನಿಮ್ಮ ಟೆಸ್ಟ್‌ನಲ್ಲಿ 500 ಕೆಟ್ಟವುಗಳಲ್ಲಿ 475 ಹಿಡಿದಿತ್ತು, 500 ಒಳ್ಳೆಯವುಗಳಲ್ಲಿ 25ಕ್ಕೆ ಕೂಗಿತ್ತು. 475ಕ್ಕೆ 25, ಅಂದರೆ 95%. ಮಾಡೆಲ್‌ನಲ್ಲಿ ಒಂದು ಕೂದಲಿನಷ್ಟೂ ಬದಲಾಗಿಲ್ಲ. ಬದಲಾಗಿದ್ದು ಅದರ ಮುಂದೆ ಬರುವ ಮಾಲು.

ಪ್ರಿಸಿಷನ್ ಅನ್ನೋದು ಮಾಡೆಲ್‌ನ ಗುಣ ಅಂತ ಜನ ತಿಳಿದುಕೊಂಡಿದ್ದಾರೆ, ಎಷ್ಟು ಹೇಳಿದರೂ ಆ ನಂಬಿಕೆ ಹೋಗೋದಿಲ್ಲ. ಅದು ಮಾಡೆಲ್ ಮತ್ತು ಲೈನ್ ಎರಡೂ ಸೇರಿ ಹುಟ್ಟುವ ಅಂಕಿ. ನಾಳೆ ಫೌಂಡ್ರಿಯವರು ಸುಧಾರಿಸಿಕೊಂಡು ಬ್ಲೋ ಹೋಲ್ ಅರ್ಧಕ್ಕೆ ಇಳಿಸಿದರೆ ನಿಮ್ಮ ಪ್ರಿಸಿಷನ್ ಇನ್ನೂ ಕೆಳಗೆ ಹೋಗಿ 9%ರ ಹತ್ತಿರ ಬರುತ್ತದೆ. ಮಾಲು ಒಳ್ಳೆಯದಾಯ್ತು, ರಿಪೋರ್ಟ್ ಕೆಟ್ಟದಾಯ್ತು. ಆಗ ಮ್ಯಾನೇಜರ್ 'ಮಾಡೆಲ್ ಹಾಳಾಗಿದೆ, ಮತ್ತೆ ಟ್ರೈನ್ ಮಾಡಿ' ಅಂದರೆ ಏನು ಮಾಡ್ತೀರಿ?

ಇದೇ ಗಿಡದ ಇನ್ನೊಂದು ಕೊಂಬೆ, 'ಮಾಡೆಲ್ ಪೀಸಿಗೆ ಕೊಡುವ ಸ್ಕೋರ್ 0.5 ದಾಟಿದರೆ ಕೆಟ್ಟದ್ದು' ಅನ್ನೋದು. ಸ್ಕೋರ್ 0.5 ಅಂದರೆ ಕೆಟ್ಟಿರುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅಲ್ವಾ ಅಂತ ಕೇಳುತ್ತಾರೆ. ನೀವು ಒಳ್ಳೆಯದು ಕೆಟ್ಟದ್ದು ಸಮಸಮ ಹಾಕಿ ಟ್ರೈನ್ ಮಾಡಿದ್ದರೆ, ಮಾಡೆಲ್‌ಗೆ ಗೊತ್ತಿರುವ ಲೋಕದಲ್ಲಿ ಅರ್ಧ ಮಾಲು ಕೆಟ್ಟದ್ದೇ. ಅದರ ಸ್ಕೋರ್ ಆ ಲೋಕಕ್ಕೆ ಚೆನ್ನಾಗಿ ಹೊಂದಿಕೊಂಡಿದೆ ಅಂತಲೇ ಒಪ್ಪೋಣ. ಆದರೂ 1% ಕೆಟ್ಟದ್ದಿರುವ ಲೈನ್ ಮೇಲೆ 0.5 ಸ್ಕೋರ್ ಬಂದ ಪೀಸು ನಿಜವಾಗಿ ಕೆಟ್ಟಿರುವ ಸಾಧ್ಯತೆ ಬರೀ 1%. ಅರ್ಧಕ್ಕರ್ಧ ಆಗಬೇಕಾದರೆ ಸ್ಕೋರ್ 0.99 ಮುಟ್ಟಬೇಕು. 0.5 ಅನ್ನೋದು ಸಾಫ್ಟ್‌ವೇರ್ ಬರೆದವರು ಏನಾದರೂ ಒಂದು ಇಡಬೇಕಲ್ಲ ಅಂತ ಇಟ್ಟ ಸಂಖ್ಯೆ. ಅದಕ್ಕೆ ನಿಮ್ಮ ಪಂಪ್ ಕವರ್ ಗೊತ್ತಿಲ್ಲ.

ಹಾಗಾದರೆ ಥ್ರೆಶೋಲ್ಡ್, ಅಂದರೆ ದಾಟಿದರೆ ಕೆಟ್ಟದ್ದು ಅನ್ನುವ ಸ್ಕೋರಿನ ಗೆರೆ, ಎಲ್ಲಿ ಇಡಬೇಕು? ಮೊದಲು ಎರಡು ತಪ್ಪಿಗೂ ಬೆಲೆ ಕಟ್ಟಿ. ಇದನ್ನು ಕಂಪ್ಯೂಟರ್ ಮುಂದೆ ಕೂತು ಮಾಡಕ್ಕಾಗಲ್ಲ, ಕ್ವಾಲಿಟಿಯವರನ್ನೂ ಕಸ್ಟಮರ್ ಕಂಪ್ಲೇಂಟ್ ನೋಡುವವರನ್ನೂ ಕೂರಿಸಿಕೊಂಡು ಕೇಳಬೇಕು. ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ: ಪಕ್ಕಕ್ಕೆ ಬಂದ ಪೀಸನ್ನು ಒಬ್ಬರು ಕಣ್ಣಲ್ಲಿ ನೋಡಿ ಒಳ್ಳೆಯದಿದ್ದರೆ ವಾಪಸ್ ಲೈನ್‌ಗೆ ಬಿಡುತ್ತಾರೆ, ಅದಕ್ಕೆ 30 ಸೆಕೆಂಡ್, 5 ರೂಪಾಯಿ. ಕೆಟ್ಟ ಪೀಸು ಒಂದು ತಪ್ಪಿಸಿಕೊಂಡು ಕಸ್ಟಮರ್‌ಗೆ ಹೋದರೆ 1,000 ರೂಪಾಯಿ. ಥ್ರೆಶೋಲ್ಡ್ 0.5ರಲ್ಲಿ 495 ಸುಳ್ಳು ಕೂಗಿಗೆ 2,475, ತಪ್ಪಿಸಿಕೊಂಡ 5ಕ್ಕೆ 5,000, ಒಟ್ಟು 7,475.

'ಸುಳ್ಳು ಕೂಗು ಜಾಸ್ತಿ' ಅಂತ ಬೇಸರಪಟ್ಟು 0.8ಕ್ಕೆ ಏರಿಸಿದಿರಿ ಅನ್ನಿ. ಸುಳ್ಳು ಕೂಗು 50ಕ್ಕೆ ಇಳಿಯಿತು, ಪ್ರಿಸಿಷನ್ 62% ಆಯ್ತು, ರಿಪೋರ್ಟ್ ನೋಡಲು ಚೆಂದ. ಆದರೆ ರಿಕಾಲ್ 80% ಆಗಿ ದಿನಕ್ಕೆ 20 ಪೀಸು ತಪ್ಪಿಸಿಕೊಳ್ಳುತ್ತಿವೆ, ಖರ್ಚು 20,250. ಬದಲಿಗೆ 0.35ಕ್ಕೆ ಇಳಿಸಿದಾಗ ರಿಕಾಲ್ 97%, ಸುಳ್ಳು ಕೂಗು 693 ಆಯ್ತು ಅಂದುಕೊಳ್ಳಿ. ಪ್ರಿಸಿಷನ್ 12%, ಖರ್ಚು 6,465. ಕಣ್ಣಿಗೆ ಅಸಹ್ಯವಾಗಿ ಕಾಣುವ ಅಂಕಿಯೇ ಅಗ್ಗ. ಇನ್ನೂ ಇಳಿಸಿ 0.2ಕ್ಕೆ ಬಂದರೆ ರಿಕಾಲ್ 99%, ಆದರೆ ಸುಳ್ಳು ಕೂಗು 1,188 ಆಗಿ ಖರ್ಚು ಮತ್ತೆ 6,940ಕ್ಕೆ ಏರುತ್ತದೆ. ಅದೂ ಅಲ್ಲದೆ ಅಲ್ಲಿ ರೀಚೆಕ್‌ಗೇ ಹತ್ತೂವರೆ ಗಂಟೆಗಿಂತ ಜಾಸ್ತಿ ಬೇಕು. ನಿಮ್ಮಲ್ಲಿ ಇರೋದು ಒಂದು ಶಿಫ್ಟಿನ ಒಬ್ಬರೇ ಆದರೆ ಅವರು ಸಂಜೆ ಹೊತ್ತಿಗೆ ನೋಡದೆಯೇ ಓಕೆ ಅಂತ ಬಿಡ್ತಾರೆ, ಆಗ ಮಾಡೆಲ್ ಹಿಡಿದದ್ದೂ ನೀರಲ್ಲಿ ಹೋಯ್ತು. 0.35ರಲ್ಲಿ ಬರುವ 790 ಪೀಸಿಗೆ ಸುಮಾರು ಆರೂವರೆ ಗಂಟೆ ಸಾಕು.

ಈಗ ಒಂದೇ ಒಂದು ವಿಷಯ ಬದಲಿಸೋಣ. ರೀಚೆಕ್ ಮಾಡುವವರೇ ಇಲ್ಲ, ಪಕ್ಕಕ್ಕೆ ಬಂದದ್ದೆಲ್ಲ ನೇರ ಸ್ಕ್ರ್ಯಾಪ್, ಹಾಗೆ ಹೋದ ಒಳ್ಳೆ ಪೀಸಿಗೆ 150 ರೂಪಾಯಿ ನಷ್ಟ. ಆಗ 0.5ರಲ್ಲಿ ಖರ್ಚು 79,250, 0.8ರಲ್ಲಿ 27,500. ಉತ್ತರ ಪೂರಾ ತಿರುಗಿತು. ಅದೇ ಮಾಡೆಲ್, ಅದೇ ಮಾಲು. ಅದಕ್ಕೇ ಯಾರಾದರೂ 'ಸರ್, ಥ್ರೆಶೋಲ್ಡ್ ಎಷ್ಟು ಇಡಲಿ' ಅಂತ ಬರೀ ಮಾಡೆಲ್ ಹೆಸರು ಕಳಿಸಿದರೆ ನಾನು ಉತ್ತರ ಕೊಡೋದಿಲ್ಲ. ಪಕ್ಕಕ್ಕೆ ಹೋದ ಪೀಸಿನ ಗತಿ ಏನು ಅಂತ ಮೊದಲು ಹೇಳಿ.

ಯಾರೂ ಕೇಳದ ಇನ್ನೊಂದು ಮಾತು ಇದೆ, ಕೇಳಬೇಕಿತ್ತು. ಲೈನ್ ಮೇಲೆ ರಿಕಾಲ್ ಎಷ್ಟು ಅಂತ ನಿಮಗೆ ಹೇಗೆ ಗೊತ್ತು? ಪ್ರಿಸಿಷನ್ ಸುಲಭ, ಪಕ್ಕಕ್ಕೆ ಬಂದದ್ದನ್ನು ನೋಡಿದರೆ ಆಯ್ತು. ತಪ್ಪಿಸಿಕೊಂಡದ್ದು ಮಾತ್ರ ಪಾಸಾದ ರಾಶಿಯಲ್ಲಿ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. 0.5ರಲ್ಲಿ ಪಾಸಾದ 9,410 ಪೀಸಿನಲ್ಲಿ ಕೆಟ್ಟವು 5. ದಿನಾ ಯಾವುದೋ 100 ತೆಗೆದು ನೋಡಿದರೆ ಮೂರು ವಾರಕ್ಕೆ ಒಂದು ಸಿಕ್ಕರೆ ಹೆಚ್ಚು. ಒಂದೂ ಸಿಗಲಿಲ್ಲ ಅಂತ ರಿಕಾಲ್ 100% ಅಂತ ಬರೆದುಕೊಳ್ಳುವವರನ್ನು ನೋಡಿದ್ದೇನೆ.

ಥ್ರೆಶೋಲ್ಡ್‌ಗಿಂತ ಸ್ವಲ್ಪ ಕೆಳಗೆ ಸ್ಕೋರ್ ಬಂದವುಗಳಿಂದಲೇ ಜಾಸ್ತಿ ತೆಗೆದು ನೋಡಿ, ತಪ್ಪಿಸಿಕೊಂಡವು ಹೆಚ್ಚಾಗಿ ಅಲ್ಲೇ ಇರುತ್ತವೆ. ಜೊತೆಗೆ, ಬ್ಲೋ ಹೋಲ್ ಇರುವುದು ಖಾತ್ರಿಯಾದ ಪೀಸುಗಳಿಗೆ ಗುರುತು ಹಾಕಿ ಪ್ರತಿ ಶಿಫ್ಟಿನ ಶುರುವಿನಲ್ಲಿ ಲೈನ್ ಮೇಲೆ ಬಿಡಿ. ಗುರುತು ಮಾತ್ರ ಕ್ಯಾಮೆರಾಗೆ ಕಾಣದ ಕಡೆ ಇರಲಿ. ನಿನ್ನೆ ಹಿಡಿದ ಪೀಸನ್ನು ಇವತ್ತು ಬಿಟ್ಟುಬಿಟ್ಟರೆ ಮಾಡೆಲ್ ಮುಟ್ಟುವ ಮೊದಲು ಲೆನ್ಸ್ ಒರೆಸಿ, ಕೂಲಂಟ್ ಹನಿ ಕೂತಿದೆಯಾ ನೋಡಿ, ಲೈಟ್ ಅಲುಗಾಡಿದೆಯಾ ನೋಡಿ. ಇದು ಕ್ಯಾಮೆರಾದ ಆರೋಗ್ಯ ನೋಡುವುದಕ್ಕೆ ಸರಿ, ರಿಕಾಲ್ ಹೇಳುವುದಕ್ಕೆ ಸಾಲದು. ಅದಕ್ಕೆ ಬೇರೆ ಬೇರೆ ಕೆಟ್ಟ ಪೀಸು ಬೇಕು, ಅದೂ ಜಾಸ್ತಿ. 50 ಬಿಟ್ಟು 50ನ್ನೂ ಹಿಡಿದರೂ ನಿಜವಾದ ರಿಕಾಲ್ 94% ಇರಬಹುದು. 99%ಕ್ಕಿಂತ ಕಡಿಮೆ ಇಲ್ಲ ಅಂತ ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬೇಕಾದರೆ ಸುಮಾರು 300 ಕೆಟ್ಟ ಪೀಸು ಬೇಕು, ಒಂದೂ ತಪ್ಪಬಾರದು. ದಿನಕ್ಕೆ 100 ಕೆಟ್ಟದ್ದು ಬರುವ ಲೈನ್‌ನಲ್ಲಿ ಇದೇನು ಕಷ್ಟದ ಕೆಲಸ ಅಲ್ಲ. ರಿಜೆಕ್ಟ್ ಡಬ್ಬಿಯನ್ನು ಸ್ಕ್ರ್ಯಾಪ್‌ನವರು ಒಯ್ಯುವ ಮುಂಚೆ ತೆಗೆದಿಡಿ, ಆದರೆ ಅದರಲ್ಲಿ ಇರೋದು ಮಾಡೆಲ್ ಆಗಲೇ ಹಿಡಿದಿರುವ ಪೀಸುಗಳೇ. ಹಾಗಾಗಿ ಲೀಕ್ ಟೆಸ್ಟ್‌ನಲ್ಲಿ ಬಿದ್ದವು, ಕಸ್ಟಮರ್ ವಾಪಸ್ ಕಳಿಸಿದವು, ಇವನ್ನೂ ಸೇರಿಸಿಕೊಳ್ಳಿ.