ನೀಲಿ ಮಾತ್ರೆಯ ಗುಂಗಿನಲ್ಲಿ ನಾವು ಮರೆತ ನೈಂಟಿ

ನಾಲ್ಕು ವರ್ಷದ ಹಿಂದೆ, ಬೆಂಗಳೂರಿನ ಒಂದು ಮನೆ. ಹುಟ್ಟುಹಬ್ಬದ ಎಣ್ಣೆ ಪಾರ್ಟಿ. ನಮ್ಮ ಗೆಳತಿಯೊಬ್ಬಳು ಎಂಟೂಮುಕ್ಕಾಲಿಗೆ ಶುರು ಮಾಡಿ ಎರಡೇ ಎರಡು ಸ್ಮಾಲ್ ವೋಡ್ಕಾ ತಗೊಂಡಿದ್ದಳು, ಅದೂ ಕಿತ್ತಳೆ ಜ್ಯೂಸಿನಲ್ಲಿ. ಹತ್ತೂಮುಕ್ಕಾಲಿಗೆ ಸೋಫಾದಿಂದ ಏಳೋಕೆ ಆಗಲಿಲ್ಲ. ಮಾತು ತೊದಲಿತು. 'ಸುಮ್ನೆ ಮಲಗಿಸ್ರೋ, ಬೆಳಿಗ್ಗೆ ಸರಿಹೋಗ್ತಾಳೆ' ಅಂದ ಮನೆಯವನು. ನಾವೂ ಹಾಗೇ ಮಾಡಿ ಮತ್ತೆ ಹಾಡು ಜೋರು ಮಾಡಿದೆವು.

ಬೆಳಿಗ್ಗೆ ಅವಳಿಗೆ ಹತ್ತು ಗಂಟೆಯ ನಂತರದ್ದು ಏನೂ ನೆನಪಿರಲಿಲ್ಲ. ಯಾರೋ ಏನೋ ಬೆರೆಸಿದ್ದಾರೆ ಅಂತ ಗಾಬರಿಯಾಗಿ ಸಂಜೆ ಆಸ್ಪತ್ರೆಗೆ ಹೋದೆವು. ಅಲ್ಲಿ ಬಿಪಿ ನೋಡಿ, ಒಂದು ಬಾಟಲಿ ಗ್ಲೂಕೋಸ್ ಹಾಕಿ ಕಳಿಸಿದರು. ಮೂತ್ರದ ಸ್ಯಾಂಪಲ್ ತಗೊಳ್ಳಲಿಲ್ಲ, ನಾವೂ ಕೇಳಲಿಲ್ಲ. ಒಂದು ವಾರ ಬಿಟ್ಟು ಜ್ಯೂಸ್ ಬೆರೆಸುತ್ತಿದ್ದವನೇ ನಗುತ್ತಾ ಹೇಳಿದ: 'ಮಜಾ ಇರಲಿ ಅಂತ ಎರಡು ಸಲಾನೂ ನೈಂಟಿ ಹಾಕಿದ್ದೆ ಕಣ್ರೋ.'

ನಾವು ಹುಡುಕುತ್ತಿದ್ದದ್ದು ಯಾವುದೋ ಮಾತ್ರೆಯನ್ನು. ಆ ಹುಡುಕಾಟ ನಮ್ಮ ತಲೆಗೆ ಎಲ್ಲಿಂದ ಬಂತು ಅನ್ನೋದಕ್ಕೆ ಉದ್ದದ ಕಥೆಯೇ ಇದೆ.

ನಂಬಿದವರಿಗೆ ಮತ್ತು ಬರಿಸಿ ದೋಚುವುದು ನಮ್ಮಲ್ಲಿ ಹಳೆಯ ಕಸುಬು. 19ನೇ ಶತಮಾನದಲ್ಲಿ ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಅಡುಗೆಗೋ ತಿಂಡಿಗೋ ಉಮ್ಮತ್ತಿಯ ಬೀಜ ಬೆರೆಸುವ ಗುಂಪುಗಳಿದ್ದವು. ಬೇಲಿ ಪಕ್ಕ ಬೆಳೆಯುವ, ಮುಳ್ಳುಕಾಯಿಯ ಅದೇ ಉಮ್ಮತ್ತಿ. ನಾರ್ಮನ್ ಚೆವರ್ಸ್ ಎಂಬ ಬ್ರಿಟಿಷ್ ವೈದ್ಯ 1850ರ ದಶಕದಲ್ಲಿ ಇಲ್ಲಿನ ವಿಷಪ್ರಕರಣಗಳ ಬಗ್ಗೆ ಬರೆಯುವಾಗ ಇದಕ್ಕೆ ಸಾಕಷ್ಟು ಜಾಗ ಕೊಟ್ಟಿದ್ದಾನೆ. 1860ರ ಭಾರತೀಯ ದಂಡ ಸಂಹಿತೆಯ 328ನೇ ಕಲಮಿನಲ್ಲಿ ವಿಷದ ಜೊತೆ ಮತ್ತು ಬರಿಸುವ, ಪ್ರಜ್ಞೆ ತಪ್ಪಿಸುವ ವಸ್ತು ಕೊಡುವುದೂ ಸೇರಿತ್ತು. ಆಮೇಲೆ ರೈಲು ಬಂತು, ಬಿಸ್ಕತ್ತು ಮತ್ತು ಟೀ ಬಂತು, ಲೊರಾಜೆಪಾಮ್‌ನಂಥ ನಿದ್ದೆ ಮಾತ್ರೆ ಬಂತು. 'ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ' ಅನ್ನೋ ಎಚ್ಚರಿಕೆ ಸ್ಟೇಷನ್ನಿನಲ್ಲಿ ನಾವೆಲ್ಲ ಕೇಳಿರುವುದೇ.

ಬಾರಿನ ಕಥೆಗೆ ಅಮೆರಿಕದಲ್ಲಿ ಹೆಸರು ಸಿಕ್ಕಿದ್ದು ಷಿಕಾಗೊದಲ್ಲಿ. ಅಲ್ಲಿ ಮಿಕಿ ಫಿನ್ ಎಂಬವನು ಗಿರಾಕಿಗಳ ಗ್ಲಾಸಿಗೆ ಔಷಧಿ ಬೆರೆಸಿ ಜೇಬು ಖಾಲಿ ಮಾಡುತ್ತಾನೆ ಎಂಬ ಆರೋಪದ ಮೇಲೆ 1903ರಲ್ಲಿ ಅವನ ಬಾರಿಗೆ ಬೀಗ ಬಿತ್ತು. ಇಂದಿಗೂ ಇಂಗ್ಲಿಷಿನಲ್ಲಿ ಮತ್ತಿನ ಔಷಧಿ ಬೆರೆಸಿದ ಗ್ಲಾಸಿಗೆ ಅವನದೇ ಹೆಸರು.

ಆದರೆ ನಮ್ಮ ಕಾಲದ ಭಯಕ್ಕೆ ರೂಪ ಕೊಟ್ಟದ್ದು ರೊಹಿಪ್ನಾಲ್. ರೋಶ್ ಕಂಪನಿ 1970ರ ದಶಕದಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ತಂದ ನಿದ್ದೆ ಮಾತ್ರೆ ಇದು. 90ರ ದಶಕದಲ್ಲಿ ಅಮೆರಿಕದ ಕಾಲೇಜು ಪಾರ್ಟಿಗಳಲ್ಲಿ ಇದರ ಹೆಸರು ಕೇಳಿಬರತೊಡಗಿತು. 1996ರಲ್ಲಿ ಅಲ್ಲಿನ ಸಂಸತ್ತು, ಮತ್ತು ಬರಿಸಿ ಅತ್ಯಾಚಾರ ಮಾಡುವವರಿಗೆ 20 ವರ್ಷದವರೆಗೆ ಶಿಕ್ಷೆ ಕೊಡುವ ಕಾನೂನು ತಂದಿತು. ಕಂಪನಿಯೂ ಮಾತ್ರೆಯನ್ನೇ ಬದಲಿಸಿತು: ನಿಧಾನ ಕರಗಬೇಕು, ಕರಗುವಾಗ ನೀಲಿ ಬಣ್ಣ ಬಿಡಬೇಕು. ಒಳ್ಳೆಯ ಯೋಚನೆಯೇ. ಆದರೆ ಕೋಲಾದಲ್ಲಿ ನೀಲಿ ಕಾಣುವುದಿಲ್ಲ, ಪಾರ್ಟಿಯ ಮಬ್ಬು ಬೆಳಕಿನಲ್ಲಿ ಯಾವ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಬೇರೆಯವರು ಮಾಡುವ ಅದೇ ಔಷಧಿಗೆ ಬಣ್ಣ ಇರಲೇಬೇಕು ಅಂತಲೂ ಇಲ್ಲ.

ಅಷ್ಟರಲ್ಲಿ ಜಿಎಚ್‌ಬಿ ಎಂಬ ಮತ್ತಿನ ವಸ್ತು ಬಂತು. ಬಣ್ಣವಿಲ್ಲದ ದ್ರವ, ಸ್ವಲ್ಪ ಉಪ್ಪುಪ್ಪು. 1999ರ ಜನವರಿಯಲ್ಲಿ ಡೆಟ್ರಾಯಿಟ್ ಹತ್ತಿರದ ಒಂದು ಮನೆ ಪಾರ್ಟಿಯಲ್ಲಿ 15 ವರ್ಷದ ಹುಡುಗಿಯೊಬ್ಬಳು ಇದರಿಂದ ಸತ್ತಳು. ಅವಳ ಗ್ಲಾಸಿನಲ್ಲಿ ಇದ್ದದ್ದು ಮದ್ಯವಲ್ಲ, ತಂಪು ಪಾನೀಯ. ಮರುವರ್ಷ ಜಿಎಚ್‌ಬಿಯನ್ನು ಕಟ್ಟುನಿಟ್ಟಿನ ನಿಯಂತ್ರಣದ ಪಟ್ಟಿಗೆ ಸೇರಿಸಿದ ಕಾನೂನಿನಲ್ಲಿ ಅವಳ ಹೆಸರಿದೆ. 'ನಾನು ಕುಡಿಯಲ್ಲ, ನನಗೇನು ಭಯ' ಅನ್ನುವವರಿಗೆ ನಾನು ಹೇಳುವ ಕಥೆ ಇದು.

ಹೀಗೆ ಎಲ್ಲರ ಕಣ್ಣೂ ಗುಟ್ಟಿನ ಮಾತ್ರೆ, ಗುಟ್ಟಿನ ದ್ರವದ ಮೇಲೆ ನಿಂತಿತು. ಅದೇ ಹೊತ್ತಿಗೆ ಪ್ರಯೋಗಾಲಯಗಳಲ್ಲಿ ಕಂಡದ್ದು ಬೇರೆ. ಮತ್ತು ಬರಿಸಿ ಲೈಂಗಿಕ ದೌರ್ಜನ್ಯ ಮಾಡಿರಬಹುದು ಅನ್ನೋ ಅನುಮಾನವಿದ್ದ ಪ್ರಕರಣಗಳ 1179 ಮೂತ್ರದ ಸ್ಯಾಂಪಲ್‌ಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 1999ರಲ್ಲಿ ವರದಿ ಮಾಡಿದರು. ಅತಿ ಹೆಚ್ಚು ಸಿಕ್ಕಿದ್ದು ಮದ್ಯ, ಆಮೇಲೆ ಗಾಂಜಾ. ರೊಹಿಪ್ನಾಲ್ ಬೆರಳೆಣಿಕೆಯಷ್ಟು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಕರಣ ನೋಡಿದಾಗಲೂ ಮೊದಲ ಸ್ಥಾನ ಮದ್ಯಕ್ಕೇ. ಇದನ್ನೇ ಹಿಡಿದುಕೊಂಡು 'ಅವರೇ ಜಾಸ್ತಿ ಕುಡಿದು ಈಗ ನೆಪ ಹೇಳ್ತಾರೆ' ಅಂದವರೂ ಇದ್ದಾರೆ. ಅದು ತಪ್ಪು ಲೆಕ್ಕ. ಒಂದು, ಕೆಲವು ವಸ್ತುಗಳು ಸ್ಯಾಂಪಲ್ ಕೊಡುವ ಹೊತ್ತಿಗೆ ಮಾಯವಾಗಿರುತ್ತವೆ. ಎರಡು, ಸಿಕ್ಕಿದ ಮದ್ಯವನ್ನು ಯಾರು ಹಾಕಿದರು, ಹೇಳಿ ಹಾಕಿದರಾ ಅನ್ನೋದನ್ನು ಮೂತ್ರ ಹೇಳುವುದಿಲ್ಲ.

ನಮ್ಮ ಗೆಳತಿಯದೇ ಲೆಕ್ಕ ಹಾಕಿ ನೋಡಿ. ನಮ್ಮ ವೋಡ್ಕಾ, ವಿಸ್ಕಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ. ಅಂದರೆ 30 ಎಂಎಲ್ ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಎರಡು ಸ್ಮಾಲ್‌ಗೆ 20 ಗ್ರಾಂ. ಅವಳ ತೂಕ 55 ಕೆಜಿ. ಎರಡು ಗಂಟೆಯಲ್ಲಿ ಇದು ರಕ್ತದ ಪ್ರತಿ 100 ಎಂಎಲ್‌ಗೆ ಸುಮಾರು 40 ಮಿಲಿಗ್ರಾಂ ಆಗುತ್ತಿತ್ತು. ಗಾಡಿ ಓಡಿಸೋಕೆ ಕಾನೂನಿನ ಮಿತಿ 30, ಹಾಗಾಗಿ ಸ್ಕೂಟರ್ ಮುಟ್ಟಬಾರದು. ಆದರೆ ಮಾತು, ನೆನಪು ಎಲ್ಲ ಇರುತ್ತದೆ. ಎರಡು ನೈಂಟಿ ಅಂದರೆ 180 ಎಂಎಲ್, 60 ಗ್ರಾಂ. ರಕ್ತದಲ್ಲಿ ಸುಮಾರು 170. ಬೇಗ ಬೇಗ ಅಷ್ಟೇರಿದರೆ ಮಿದುಳು ನೆನಪು ದಾಖಲಿಸುವುದನ್ನೇ ನಿಲ್ಲಿಸಿಬಿಡಬಹುದು. ಇದು ಅಂದಾಜಿನ ಲೆಕ್ಕ, ಹೊಟ್ಟೆಯಲ್ಲಿ ಊಟ ಇತ್ತಾ ಅನ್ನೋದರ ಮೇಲೆ ಹೆಚ್ಚುಕಮ್ಮಿ ಆಗುತ್ತದೆ. ಆದರೂ ಆ ರಾತ್ರಿ ಅವಳಿಗೆ ಆದದ್ದಕ್ಕೆ ಯಾವ ಮಾತ್ರೆಯೂ ಬೇಕಿರಲಿಲ್ಲ. 'ಮಜಾ ಇರಲಿ' ಅನ್ನುವುದು ಕೂಡ ಬೆರೆಸುವುದೇ. ನಮ್ಮಲ್ಲಿ ಅದನ್ನು ತಮಾಷೆ ಅಂತ ಕರೆದು ಬಿಟ್ಟುಬಿಡುತ್ತೇವೆ, ಅಷ್ಟೇ.

ಗ್ಲಾಸಿಗೆ ಅದ್ದಿ ನೋಡುವ ಪರೀಕ್ಷಾ ಪಟ್ಟಿಗಳು ಇಲ್ಲೇ ಸೋಲುತ್ತವೆ. 2014ರಲ್ಲಿ ಅಮೆರಿಕದ ನಾಲ್ವರು ವಿದ್ಯಾರ್ಥಿಗಳು, ಗ್ಲಾಸಿಗೆ ಬೆರಳು ಅದ್ದಿದರೆ ಬಣ್ಣ ಬದಲಿಸುವ ನೇಲ್ ಪಾಲಿಶ್ ಮಾಡುತ್ತೇವೆ ಅಂತ ಸುದ್ದಿಯಾದರು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಹಲವು ಬಾರುಗಳು ಪರೀಕ್ಷಾ ಕಿಟ್ ಇಟ್ಟುಕೊಳ್ಳಲೇಬೇಕು. ಬೇಡ ಅನ್ನುವುದಿಲ್ಲ. ಆದರೆ ಪಟ್ಟಿಗೆ ಗೊತ್ತಿರುವುದು ಎರಡು ಮೂರು ವಸ್ತು ಮಾತ್ರ. ಬಣ್ಣ ಬದಲಾಗಲಿಲ್ಲ ಅಂದರೆ ಗ್ಲಾಸು ಸುರಕ್ಷಿತ ಅಂತಲ್ಲ. ಜಾಸ್ತಿ ಹಾಕಿದ ವೋಡ್ಕಾವನ್ನಂತೂ ಅದು ಹೇಳುವುದೇ ಇಲ್ಲ.

ಹಾಗಾದರೆ ಏನು ನೋಡಬೇಕು? ಕುಡಿದದ್ದಕ್ಕೂ ಕಾಣುತ್ತಿರುವುದಕ್ಕೂ ತಾಳೆ ಆಗುತ್ತಿದೆಯಾ ಅಂತ. ಎರಡು ಸ್ಮಾಲ್‌ಗೆ ಕಾಲು ಸೋಲುವುದಿಲ್ಲ. ಬರೀ ಲೆಮನ್ ಸೋಡಾ ಕುಡಿದವನಿಗೆ ತಲೆ ತಿರುಗುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮನುಷ್ಯ ಬೇರೆಯೇ ಆದಂತೆ ಕಂಡರೆ ಅದೇ ಗುರುತು. ಇದನ್ನು ಮತ್ತೇರಿದವರು ತಾವೇ ಕಂಡುಕೊಳ್ಳೋಕೆ ಆಗಲ್ಲ, ಪಕ್ಕದವರೇ ಕಾಣಬೇಕು. ಅದಕ್ಕೇ ಗುಂಪಿನಲ್ಲಿ ಒಬ್ಬರಾದರೂ ಕುಡಿಯದೆ ಇರಬೇಕು, ಯಾರು ಎಷ್ಟು ತಗೊಂಡರು ಅನ್ನೋ ಅಂದಾಜು ಅವರಿಗೆ ಇರಬೇಕು. ಗ್ಲಾಸು ಇಟ್ಟು ಡಾನ್ಸಿಗೆ ಹೋದರೆ ಬಂದ ಮೇಲೆ ಹೊಸದು ತಗೊಳ್ಳಿ. ದೊಡ್ಡ ಪಾತ್ರೆಯಲ್ಲಿ ಬೆರೆಸಿಟ್ಟ ಪಂಚ್ ನನಗೆ ಇಷ್ಟವೇ ಇಲ್ಲ, ಅದರಲ್ಲಿ ಎಷ್ಟು ಬಾಟಲಿ ಸುರಿದಿದ್ದಾರೆ ಅಂತ ಸುರಿದವರಿಗೇ ಗೊತ್ತಿರುವುದಿಲ್ಲ.

ಅನುಮಾನ ಬಂದ ಮೇಲೆ ಒಬ್ಬರು ಪಕ್ಕ ಬಿಟ್ಟು ಕದಲಬಾರದು. ಬಾತ್‌ರೂಮಿಗೂ ಜೊತೆಗೇ ಹೋಗಬೇಕು. 'ನಾನು ಮನೆಗೆ ಬಿಡ್ತೀನಿ' ಅಂತ ಅವಸರ ಮಾಡುವವನ ಜೊತೆ ಕಳಿಸಬಾರದು, ಎಷ್ಟೇ ಪರಿಚಯದವನಾಗಲಿ. 2024ರ ಡಿಸೆಂಬರಿನಲ್ಲಿ ಫ್ರಾನ್ಸಿನಲ್ಲಿ 20 ವರ್ಷ ಶಿಕ್ಷೆಯಾದ ವ್ಯಕ್ತಿ ವರ್ಷಗಟ್ಟಲೆ ಮತ್ತು ಬರಿಸಿದ್ದು ತನ್ನ ಹೆಂಡತಿಗೇ. ಬಳಸಿದ್ದು ಅದೇ ನಮ್ಮ ರೈಲಿನ ಲೊರಾಜೆಪಾಮ್.

ಮಲಗಿಸುವುದಾದರೆ ಪಕ್ಕಕ್ಕೆ ತಿರುಗಿಸಿ, ವಾಂತಿ ಗಂಟಲಿಗೆ ಸಿಕ್ಕದ ಹಾಗೆ. ಬೆರಳು ಹಾಕಿ ವಾಂತಿ ಮಾಡಿಸೋದು, ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಬಾಯಿಗೆ ಸುರಿಯೋದು ಬೇಡ. ಎದೆಯ ಏರಿಳಿತ ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬಿಡುವು, ತುಟಿ ನೀಲಿ, ಅಲುಗಾಡಿಸಿದರೂ ಎಚ್ಚರವಿಲ್ಲ: ಇದರಲ್ಲಿ ಒಂದು ಕಂಡರೂ 108ಕ್ಕೋ 112ಕ್ಕೋ ಫೋನ್ ಮಾಡಿ. ಮದ್ಯ, ನಿದ್ದೆ ಮಾತ್ರೆ, ಜಿಎಚ್‌ಬಿ ಮೂರೂ ಉಸಿರನ್ನೇ ತಗ್ಗಿಸುತ್ತವೆ, ಸೇರಿದರೆ ಇನ್ನೂ ಹೆಚ್ಚು. ನಾವು ಆ ರಾತ್ರಿ ಬಾಗಿಲು ಹಾಕಿಕೊಂಡು ಬಂದೆವಲ್ಲ, ಅದನ್ನು ನೆನೆದರೆ ಈಗಲೂ ಮೈ ಝುಂ ಅನ್ನುತ್ತದೆ.

ಇನ್ನು ಮೂತ್ರದ ಮಾತು. ಜಿಎಚ್‌ಬಿ ರಕ್ತದಲ್ಲಿ ಆರೆಂಟು ಗಂಟೆ, ಮೂತ್ರದಲ್ಲಿ ಹೆಚ್ಚೆಂದರೆ ಹನ್ನೆರಡು ಗಂಟೆ ಸಿಗುತ್ತದೆ. ಹತ್ತು ಗಂಟೆಗೆ ಕುಡಿದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ ಇಲ್ಲ. ನಿದ್ದೆ ಮಾತ್ರೆಗಳು ಕೆಲವು ದಿನ ಉಳಿಯಬಹುದು. ಆಸ್ಪತ್ರೆ ತಲುಪುವುದು ತಡವಾಗುವುದಾದರೆ, ಮೊದಲ ಮೂತ್ರವನ್ನು ಸ್ವಚ್ಛವಾದ ಡಬ್ಬಿಯಲ್ಲಿ ಹಿಡಿದು, ಮುಚ್ಚಳ ಹಾಕಿ, ಸಮಯ ಬರೆದು, ತಣ್ಣಗಿರುವ ಕಡೆ ಇಟ್ಟು ಒಯ್ಯಿರಿ. ಅಲ್ಲಿ 'ಮತ್ತು ಬರಿಸಿದ ಅನುಮಾನ ಇದೆ, ಎಂಎಲ್‌ಸಿ ಮಾಡಿ, ರಕ್ತ ಮತ್ತು ಮೂತ್ರ ತಗೊಳ್ಳಿ' ಅಂತ ಬಾಯಿಬಿಟ್ಟು ಕೇಳಬೇಕು. ಎಂಎಲ್‌ಸಿ ಅಂದರೆ ಆಸ್ಪತ್ರೆ ಇದನ್ನು ಕಾನೂನು ಪ್ರಕರಣವಾಗಿ ದಾಖಲಿಸುವುದು. ಕೇಳದಿದ್ದರೆ ಗ್ಲೂಕೋಸ್ ಬಾಟಲಿಯೇ ಗತಿ. ಲೈಂಗಿಕ ದೌರ್ಜನ್ಯ ಆಗಿರುವ ಅನುಮಾನವಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ತೊಳೆಯಬೇಡಿ. ಅಂಥವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು, ಮೊದಲು ಎಫ್‌ಐಆರ್ ತನ್ನಿ ಅನ್ನುವ ಹಾಗಿಲ್ಲ.

ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಹಳೆಯ 328 ಈಗ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮು, ಶಿಕ್ಷೆ ಹತ್ತು ವರ್ಷದವರೆಗೆ. ಮತ್ತು ಬರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಅತ್ಯಾಚಾರದ ಕಲಮಿನಲ್ಲೂ ಇದೆ.

ನಮ್ಮ ಗೆಳತಿ ದೂರು ಕೊಡಲಿಲ್ಲ, ಅದು ಅವಳ ತೀರ್ಮಾನ. ಬೆರೆಸಿದವನನ್ನು ನಾವು ಕರೆಯುವುದು ನಿಲ್ಲಿಸಿದೆವು. ಅವಳು ಈಗಲೂ ಪಾರ್ಟಿಗೆ ಬರುತ್ತಾಳೆ. ಬ್ಯಾಗಿನಲ್ಲಿ ಸ್ಟೀಲಿನ ಪುಟ್ಟ ಪೆಗ್ ಅಳತೆ ಇರುತ್ತದೆ, ಒಂದು ಕಡೆ 30, ಇನ್ನೊಂದು ಕಡೆ 60. ತನ್ನದನ್ನು ತಾನೇ ಅಳೆದು ಹಾಕಿಕೊಳ್ಳುತ್ತಾಳೆ. ಹೋದ ಸಲ ಇನ್ನೂ ಮೂವರು ಅದನ್ನೇ ಇಸಕೊಂಡು ಅಳೆದರು.