ವರ್ಸಸ್ ಪುಟ: ರೇಷ್ಮೆ ಸೆರಗೋ, ಚಮ್ಕಾ ಸೆರಗೋ?

ವರ್ಸಸ್ ಲ್ಯಾಟಿನ್ ಪದ, ಅರ್ಥ ‘ಎದುರಾಗಿ’. ಕೋರ್ಟ್ ಕಾಗದದಲ್ಲಿ, ಕ್ರಿಕೆಟ್ ಸುದ್ದಿಯಲ್ಲಿ ನಾವು ಇದಕ್ಕೆ ‘ವಿರುದ್ಧ’ ಎನ್ನುತ್ತೇವೆ. ಗೂಗಲ್‌ನಲ್ಲಿ ಎರಡು ವಸ್ತುಗಳ ಹೆಸರಿನ ನಡುವೆ `vs` ಎಂದು ಟೈಪ್ ಮಾಡುವವರ ಮನಸ್ಸಿನಲ್ಲಿ ಮಾತ್ರ ಯಾವ ಜಗಳವೂ ಇರುವುದಿಲ್ಲ. ಎರಡರ ಹೆಸರೂ ಅವರಿಗೆ ಗೊತ್ತು, ಕೊಳ್ಳುವುದೂ ಹೆಚ್ಚುಕಡಿಮೆ ಖಚಿತ. ಯಾವುದನ್ನು ಎಂಬುದೊಂದೇ ಬಾಕಿ. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಬರೆದ ಪುಟ ವರ್ಸಸ್ ಪುಟ. ‘ವಿರುದ್ಧ’ಕ್ಕಿಂತ ‘ವ್ಯತ್ಯಾಸ’ ಎಂಬ ಪದ ಇದಕ್ಕೆ ಹತ್ತಿರ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಒಂದು ಸೀರೆ ಅಂಗಡಿ ಇದೆ, ಅದು ಆನ್‌ಲೈನ್‌ನಲ್ಲೂ ಮಾರುತ್ತದೆ ಎಂದುಕೊಳ್ಳಿ. ಅಲ್ಲಿ ಅಪ್ಪಟ ರೇಷ್ಮೆ ಸೆರಗಿನ ಸೀರೆಯೂ ಸಿಗುತ್ತದೆ, ಚಮ್ಕಾ ಅಂದರೆ ಆರ್ಟ್ ಸಿಲ್ಕ್ ಸೆರಗಿನದೂ ಸಿಗುತ್ತದೆ. ಎರಡನ್ನೂ ಹೋಲಿಸುವ ಪುಟ ಬರೆಯಬೇಕು.

ಶೀರ್ಷಿಕೆಗೆ ಮೊದಲು ಒಂದು ಕೆಲಸವಿದೆ: ಯಾವುದಕ್ಕೆ ಯಾವುದನ್ನು ಹೋಲಿಸುತ್ತಿದ್ದೇವೆ ಎಂದು ಗೊತ್ತುಮಾಡಿಕೊಳ್ಳುವುದು. ಹೆಚ್ಚಿನ ಪುಟಗಳು ಎಡವುವುದು ಇಲ್ಲೇ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು, ಒಂದು; ಸೆರಗಿನ ಹಾಸು ಇನ್ನೊಂದು; ಮಗ್ಗದ ಮೇಲೆ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹತ್ತಿ, ಸೆರಗು ರೇಷ್ಮೆ ಇರಬಹುದು. ಎರಡೂ ರೇಷ್ಮೆ ಇರಬಹುದು. ಒಡಲು ಹತ್ತಿ, ಸೆರಗು ಚಮ್ಕಾ ಕೂಡ ಇರಬಹುದು. ಪೂರ್ತಿ ರೇಷ್ಮೆಯ ಸೀರೆಯನ್ನು ಹತ್ತಿ ಒಡಲಿನ ಚಮ್ಕಾ ಸೀರೆಯ ಪಕ್ಕ ಇಟ್ಟರೆ, ಬೆಲೆಯ ಅಂತರ ಸೆರಗಿನಿಂದ ಬಂತೋ ಒಡಲಿನಿಂದ ಬಂತೋ ಓದುಗರಿಗೆ ತಿಳಿಯುವುದಿಲ್ಲ. ಹಾಗಾಗಿ ಒಡಲು ಎರಡರಲ್ಲೂ ಹತ್ತಿಯೇ, ದಡಿ ಒಂದೇ ಬಗೆಯದು, ಅಳತೆಯೂ ಒಂದೇ ಇರಲಿ. ಬೇರೆಯಾಗಬೇಕಾದದ್ದು ಸೆರಗಿನ ನೂಲು ಮಾತ್ರ. ಇದನ್ನು ಪುಟದ ಮೊದಲ ಸಾಲಿನಲ್ಲೇ ಹೇಳಿಬಿಡಬೇಕು. ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆಯ ಸಂಹಿತೆಯೂ ಹೋಲಿಕೆ ಮಾಡಬೇಡಿ ಎನ್ನುವುದಿಲ್ಲ. ಏನನ್ನು ಏನಕ್ಕೆ ಹೋಲಿಸಿದ್ದೀರಿ ಎಂಬುದು ಸ್ಪಷ್ಟವಿರಬೇಕು, ಒಂದು ಕಡೆಗೆ ಕೃತಕವಾಗಿ ಲಾಭವಾಗುವಂತೆ ವಿಷಯ ಆರಿಸಬಾರದು ಎನ್ನುತ್ತದೆ.

ಇನ್ನು ಶೀರ್ಷಿಕೆ. ಜನ ಹುಡುಕುವ ರೀತಿ ಮುಖ್ಯವಾಗಿ ಮೂರು. ಇಂಗ್ಲಿಷ್ ಅಕ್ಷರದಲ್ಲಿ `ilkal silk vs art silk` ಎಂದು ಟೈಪ್ ಮಾಡುವವರು ಒಂದು ಗುಂಪು. ‘ರೇಷ್ಮೆ ಚಮ್ಕಾ ವ್ಯತ್ಯಾಸ’ ಎಂದು ಕನ್ನಡದಲ್ಲಿ ಕೇಳುವವರು ಇನ್ನೊಂದು. ಫೋನಿಗೆ ಬಾಯಲ್ಲೇ ‘ಯಾವುದು ಛಲೋ’ ಎನ್ನುವವರು ಮೂರನೆಯವರು. ಗೂಗಲ್ ಪೆಟ್ಟಿಗೆಯಲ್ಲಿ ಮೊದಲ ಹೆಸರು ಬರೆದು `vs` ಸೇರಿಸಿ ನಿಲ್ಲಿಸಿದರೆ, ಜನ ಅದನ್ನು ಯಾವುದರ ಜೊತೆ ಹೋಲಿಸುತ್ತಿದ್ದಾರೆ ಎಂಬುದನ್ನು ಕೆಳಗೆ ಬರುವ ಸಲಹೆಗಳೇ ತೋರಿಸುತ್ತವೆ. ಅಂಗಡಿಯವರು ‘ಚಮ್ಕಾ’ ಎನ್ನಬಹುದು, ಬೆಂಗಳೂರಿನ ಗಿರಾಕಿಗೆ ಗೊತ್ತಿರುವುದು ‘ಆರ್ಟ್ ಸಿಲ್ಕ್’. ಶೀರ್ಷಿಕೆಯಲ್ಲಿ ಒಂದು ಹೆಸರು ಬಂದರೆ, ಗೂಗಲ್‌ನಲ್ಲಿ ಅದರ ಕೆಳಗೆ ಕಾಣುವ ವಿವರಣೆಯಲ್ಲಿ ಇನ್ನೊಂದು ಬರಲಿ. ‘ಇಲಕಲ್’ ಎಂದು ಬರೆಯುವವರೂ ಇದ್ದಾರೆ. ಆ ರೂಪ ಪುಟದ ಒಳಗೆ ಒಮ್ಮೆ ಬಂದರೆ ಸಾಕು.

ಒಂದು ಮಾದರಿ ಹೀಗೆ:

```html
<title>ಇಳಕಲ್ ಸೀರೆ: ರೇಷ್ಮೆ vs ಚಮ್ಕಾ ಸೆರಗು – ವ್ಯತ್ಯಾಸ, ಬೆಲೆ</title>
<meta name="description" content="ಒಡಲು ಎರಡರಲ್ಲೂ ಹತ್ತಿ. ರೇಷ್ಮೆ ಸೆರಗು ಮೃದು, ತುಟ್ಟಿ. ಚಮ್ಕಾ (ಆರ್ಟ್ ಸಿಲ್ಕ್) ಸೋವಿ, ಹೊಳಪು ಹೆಚ್ಚು, ವಿಸ್ಕೋಸ್ ನೂಲಾದರೆ ಒದ್ದೆಯಾದಾಗ ಬಲ ಕಡಿಮೆ. ಎರಡನ್ನೂ ಮಾರುತ್ತೇವೆ.">
```

ವಸ್ತುವಿನ ಹೆಸರು ಮೊದಲು, ಎರಡು ಬಗೆ ನಡುವೆ, ಓದುಗರಿಗೆ ಏನು ಸಿಗುತ್ತದೆ ಎಂಬುದು ಕೊನೆಗೆ. ಅಂಗಡಿಯ ಹೆಸರು ಇಲ್ಲಿ ಬೇಡ, ಜಾಗವಿಲ್ಲ. ‘50–60 ಅಕ್ಷರ’ ಎಂದು ಎಲ್ಲ ಕಡೆ ಹೇಳುವ ಲೆಕ್ಕ ಇಂಗ್ಲಿಷ್‌ನದು. ಗೂಗಲ್ ಶೀರ್ಷಿಕೆಯನ್ನು ಕತ್ತರಿಸುವುದು ಪರದೆಯ ಅಗಲ ನೋಡಿ. ಕನ್ನಡದ ಅಕ್ಷರ ಅಗಲ, ಆದ್ದರಿಂದ ಜಾಗ ಬೇಗ ಮುಗಿಯುತ್ತದೆ. ಎಣಿಸುವ ಉಪಕರಣಗಳನ್ನು ನಂಬುವಂತಿಲ್ಲ: ‘ಸ್ಟ್ರ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಐದು. ಎರಡೂ ಬಗೆಯ ಹೆಸರು ಶೀರ್ಷಿಕೆಯ ಮೊದಲರ್ಧದಲ್ಲೇ ಬಂದುಬಿಟ್ಟರೆ ಬಾಲ ಕತ್ತರಿಸಿ ಹೋದರೂ ನಷ್ಟವಿಲ್ಲ.

ವಿವರಣೆಯ ಕೊನೆಯಲ್ಲಿರುವ ‘ಎರಡನ್ನೂ ಮಾರುತ್ತೇವೆ’ ಎಂಬ ಎರಡು ಪದ ಬಿಟ್ಟುಬಿಡುವಂಥದ್ದಲ್ಲ. ಹೋಲಿಸುತ್ತಿರುವವರು ಯಾರು, ಅವರ ಲಾಭ ಎಲ್ಲಿದೆ ಎಂಬುದು ಓದುಗರಿಗೆ ಗೊತ್ತಾಗಬೇಕು. ರೇಷ್ಮೆ ಮಾತ್ರ ಮಾರುವವರು ‘ನಾವು ಮಾರುವುದು ರೇಷ್ಮೆ ಸೆರಗಿನದು’ ಎಂದು ಬರೆಯಲಿ. ಜೊತೆಗೆ, ಎರಡಕ್ಕೂ ಒಂದು ಗುಣ, ಒಂದು ಮಿತಿ ಬರಬೇಕು. ರೇಷ್ಮೆಗೆ ನಾಲ್ಕು ಹೊಗಳಿಕೆ, ಚಮ್ಕಾಕ್ಕೆ ‘ಅಗ್ಗದ ನಕಲಿ’ ಎಂಬ ಬೈಗುಳ ಬಿದ್ದರೆ ಅದು ಹೋಲಿಕೆಯ ವೇಷ ಹಾಕಿದ ಜಾಹೀರಾತು. ಚಮ್ಕಾವನ್ನು ಚಮ್ಕಾ ಎಂದೇ ಹೇಳಿ ಮಾರಿದರೆ ಅದರಲ್ಲಿ ನಕಲಿ ಏನೂ ಇಲ್ಲ.

ಪುಟದಲ್ಲಿ ಹೇಳಿದ ಮಾತನ್ನು ಓದುಗರು ಮನೆಯಲ್ಲೇ ಪರೀಕ್ಷಿಸುವಂತಿರಬೇಕು. ಇಲ್ಲಿ ಅದು ನೂಲು ಸುಟ್ಟು ನೋಡುವುದು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಎಂದು ಮಾರುವ ವಿಸ್ಕೋಸ್ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಎಳೆಯನ್ನು ಎಲ್ಲಿಂದ ತೆಗೆಯಬೇಕು ಎಂದು ಬರೆಯದಿದ್ದರೆ ತೊಂದರೆ. ಒಡಲಿನ ಎಳೆ ಸುಟ್ಟವರಿಗೆ ಹತ್ತಿಯ ಕಾಗದದ ವಾಸನೆ ಬರುತ್ತದೆ. ‘ರೇಷ್ಮೆ ಅಂತ ಹೇಳಿ ಮೋಸ ಮಾಡಿದರು’ ಎಂದು ಅವರು ದೂರುತ್ತಾರೆ, ನೇಯ್ದವರ ತಪ್ಪು ಏನೂ ಇರುವುದಿಲ್ಲ. ಎಳೆ ಸೆರಗಿನ ಕುಚ್ಚಿನಿಂದಲೇ ಬರಬೇಕು, ಏಕೆಂದರೆ ಕುಚ್ಚು ಸೆರಗಿನ ಹಾಸಿನ ತುದಿ. ಪೂರ್ತಿ ರೇಷ್ಮೆಯ ಸೀರೆಯಾದರೆ, ಸುಡಲು ಮನಸ್ಸಿಲ್ಲದವರು ಅಪ್ಪಟ ರೇಷ್ಮೆಗೆ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಬಹುದು.

ಕೆಡುವ ಇನ್ನೊಂದು ಬಗೆ ಹೆಸರುಗಳ ಹಿಂದುಮುಂದಿನದು. ‘ರೇಷ್ಮೆ vs ಚಮ್ಕಾ’ ಒಂದು ಪುಟ, ‘ಚಮ್ಕಾ vs ರೇಷ್ಮೆ’ ಇನ್ನೊಂದು ಪುಟ ಮಾಡಿ ಒಳಗೆ ಅದೇ ಮಾತು ತುಂಬುವವರಿದ್ದಾರೆ. ಒಂದೇ ಪ್ರಶ್ನೆಗೆ ನಮ್ಮದೇ ಎರಡು ಪುಟಗಳು ಪೈಪೋಟಿಗಿಳಿಯುತ್ತವೆ, ಗೂಗಲ್ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ಈಗಾಗಲೇ ಎರಡಿದ್ದರೆ ಒಂದನ್ನು ಉಳಿಸಿ, ಇನ್ನೊಂದರ ವಿಳಾಸವನ್ನು 301 ರೀಡೈರೆಕ್ಟ್‌ನಿಂದ ಅದಕ್ಕೇ ತಿರುಗಿಸಬೇಕು. ಶೀರ್ಷಿಕೆಗೆ ವರ್ಷ ಅಂಟಿಸುವ ಚಾಳಿಯೂ ಹೀಗೆಯೇ. ಬೆಲೆ ಪರಿಷ್ಕರಿಸದೆ ಇಸವಿ ಮಾತ್ರ ಬದಲಾಯಿಸಿದರೆ ಓದುಗರು ಒಳಗೆ ಬಂದ ಕೂಡಲೇ ಹಿಡಿಯುತ್ತಾರೆ.

ನಾವು ಬರೆದದ್ದನ್ನೇ ಗೂಗಲ್ ತೋರಿಸುತ್ತದೆ ಎಂಬ ಭರವಸೆ ಇಲ್ಲ. ಶೀರ್ಷಿಕೆ ಪುಟಕ್ಕೆ ಹೊಂದದಿದ್ದರೆ ಪುಟದ ಒಳಗಿನ ತಲೆಬರಹವನ್ನು ಎತ್ತಿಕೊಳ್ಳಬಹುದು. ವಿವರಣೆಯ ಬದಲು, ಕೇಳಿದ ಪ್ರಶ್ನೆಗೆ ಹತ್ತಿರವಾದ ಸಾಲನ್ನು ಪುಟದಿಂದಲೇ ತೆಗೆದು ತೋರಿಸಬಹುದು. ಆದ್ದರಿಂದ ‘ದಿನಾ ಉಡುವುದಕ್ಕೆ ಯಾವುದು, ಮದುವೆಗೆ ಯಾವುದು’ ಎಂಬುದಕ್ಕೆ ನೇರ ಉತ್ತರದ ಎರಡು ಸಾಲು ಪುಟದ ಮೇಲ್ಭಾಗದಲ್ಲೇ ಇರಲಿ. ಗೂಗಲ್ ಎತ್ತಿಕೊಂಡರೂ ಆ ಸಾಲು ತಾನಾಗಿಯೇ ಅರ್ಥವಾಗಬೇಕು.

ಪುಟ ಹಾಕಿ ಒಂದೆರಡು ತಿಂಗಳಾದ ಮೇಲೆ, ನಮ್ಮ ಪುಟ ಯಾವ ಹುಡುಕಾಟಕ್ಕೆ ಕಾಣಿಸಿತು ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪರ್ಫಾರ್ಮೆನ್ಸ್ ವರದಿ ತೆರೆದು, ಹುಡುಕಾಟದ ಪದಗಳಿಗೆ, ಹಲವು ಪದಗಳನ್ನು ಒಟ್ಟಿಗೆ ಹುಡುಕಬಲ್ಲ ರೆಜೆಕ್ಸ್ ಆಯ್ಕೆಯಲ್ಲಿ ಈ ಸೋಸಣಿಗೆ ಹಾಕಿ:

```
vs|versus|difference|ವ್ಯತ್ಯಾಸ|ಯಾವುದು
```

ಒಂದು ಪ್ರಶ್ನೆಗೆ ಪುಟ ಮೇಲೆಯೇ ಕಾಣಿಸಿಕೊಂಡಿದೆ, ಒತ್ತಿದವರು ಮಾತ್ರ ಕಡಿಮೆ ಎಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಶೀರ್ಷಿಕೆಯನ್ನು. ಹೋಲಿಕೆಯ ಪ್ರಶ್ನೆಗಳಿಗೆ ಈ ಪುಟದ ಬದಲು ಸೀರೆ ಮಾರುವ ಪುಟವೇ ಮೇಲೆ ಬರುತ್ತಿದ್ದರೆ, ಅಲ್ಲಿಂದ ಇಲ್ಲಿಗೆ ‘ರೇಷ್ಮೆ ಮತ್ತು ಚಮ್ಕಾ ಸೆರಗಿನ ವ್ಯತ್ಯಾಸ’ ಎಂಬ ಪದಗಳಲ್ಲೇ ಒಂದು ಕೊಂಡಿ ಹಾಕಬೇಕು. ಇದು ಮಗ್ಗದ ಕೊಂಡಿಯಲ್ಲ, ಲಿಂಕ್.