ಕಂಬದ ಬುಡ ಎಲ್ಲಿದೆ, ಮೊದಲು ಅದನ್ನು ನೋಡಿ

ಸೊನ್ನೆಯಿಂದ ಶುರುವಾಗದ ಬಾರ್ ಚಾರ್ಟ್ ಒಂದನ್ನು ತೋರಿಸಿ "ಇದು ಓದುವವರನ್ನು ದಾರಿ ತಪ್ಪಿಸುತ್ತದೆ" ಎಂದರೆ, ಅದನ್ನು ಮಾಡಿಸಿದವರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಪಕ್ಕದಲ್ಲಿ ಅಂಕಿ ಬರೆದಿದ್ದೇವಲ್ಲ, ಇದರಲ್ಲಿ ಸುಳ್ಳೇನಿದೆ?" ಅವರು ಮೋಸ ಮಾಡಲು ಹೊರಟವರಲ್ಲ, ನಿಜಕ್ಕೂ ಹಾಗೇ ನಂಬಿರುತ್ತಾರೆ. ಆದರೆ ಎಷ್ಟು ಬಾರಿ ವಿವರಿಸಿದರೂ ಇದೇ ಮಾತು ಮರಳಿ ಬರುವುದರಿಂದ ಈ ಒಂದು ವಿಷಯವನ್ನು ಇಲ್ಲಿ ಸಾವಕಾಶವಾಗಿ ಬಿಡಿಸುತ್ತೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಬಿಡಿಭಾಗವನ್ನು ಹಳೆಯ ವಿಧಾನದಲ್ಲಿ 500, ಹೊಸ ವಿಧಾನದಲ್ಲಿ 500 ತಯಾರಿಸಿ ತಪಾಸಣೆ ಮಾಡಿದ್ದಾರೆ. ಹಳೆಯದರಲ್ಲಿ 462 ಪಾಸಾಗಿವೆ, ಅಂದರೆ ಶೇ 92.4. ಹೊಸದರಲ್ಲಿ 469, ಅಂದರೆ ಶೇ 93.8. ವರದಿಯಲ್ಲಿ ಎರಡು ಕಂಬಗಳಿವೆ. ಮೊದಲನೆಯದು 16 ಮಿಲಿಮೀಟರ್ ಎತ್ತರ, ಎರಡನೆಯದು 72. ಲಂಬ ಅಕ್ಷ ಶುರುವಾಗುವುದು 92ರಿಂದ. ನೋಡಿದ ತಕ್ಷಣ ಹೊಸ ವಿಧಾನ ಹಳೆಯದರ ನಾಲ್ಕೂವರೆ ಪಟ್ಟು ಚೆನ್ನಾಗಿದೆ ಅನಿಸುತ್ತದೆ. ನಿಜವಾದ ವ್ಯತ್ಯಾಸ 500ಕ್ಕೆ 7 ಬಿಡಿಭಾಗ.

ಅಕ್ಷದ ಮೇಲೆ 92 ಎಂದು ಬರೆದಿರುವುದು ಇಲ್ಲಿ ಯಾಕೆ ರಕ್ಷಣೆಗೆ ಬರುವುದಿಲ್ಲ? ಬಾರ್ ಚಾರ್ಟಿನಲ್ಲಿ ಅಂಕಿಯನ್ನು ಹೇಳುವುದು ಕಂಬದ ಉದ್ದ. ಕಂಬದ ತುದಿ ಮಾತ್ರವಲ್ಲ, ಬುಡದಿಂದ ತುದಿಯವರೆಗಿನ ಪೂರ್ತಿ ಉದ್ದ. ಒಂದು ಕಂಬ ಇನ್ನೊಂದರ ಎರಡರಷ್ಟಿದ್ದರೆ ಮೌಲ್ಯವೂ ಎರಡರಷ್ಟು ಎಂಬ ಒಪ್ಪಂದದ ಮೇಲೆ ಇಡೀ ಚಿತ್ರ ನಿಂತಿದೆ. ಬುಡವನ್ನು 92ಕ್ಕೆ ಏರಿಸಿದರೆ ಎರಡೂ ಕಂಬಗಳಿಂದ 92ರಷ್ಟನ್ನು ಕತ್ತರಿಸಿ ಎಸೆದಂತೆ. ಉಳಿದದ್ದು ಒಂದರಲ್ಲಿ 0.4, ಇನ್ನೊಂದರಲ್ಲಿ 1.8. ಕಣ್ಣು ಹೋಲಿಸುವುದು ಈ ತುಂಡುಗಳನ್ನು, 1.8ನ್ನು 0.4ರಿಂದ ಭಾಗಿಸಿದರೆ 4.5. ಕಣ್ಣು ತಪ್ಪು ಮಾಡಲಿಲ್ಲ, ತನಗೆ ಕೊಟ್ಟ ಉದ್ದವನ್ನು ಸರಿಯಾಗಿಯೇ ಅಳೆದಿದೆ. ಆ ಉದ್ದಕ್ಕೂ ಮೌಲ್ಯಕ್ಕೂ ಸಂಬಂಧ ಕಡಿದಿದೆ, ಅಷ್ಟೆ. ಪಕ್ಕದ ಅಂಕಿಯನ್ನು ಓದುವುದು ಆಮೇಲಿನ ಕೆಲಸ, ಅದಕ್ಕೆ ಗಮನ ಬೇಕು, ಲೆಕ್ಕ ಬೇಕು. ಉದ್ದದ ಹೋಲಿಕೆ ಅದಕ್ಕೂ ಮುಂಚೆಯೇ, ಕೇಳದೆಯೇ ಮುಗಿದಿರುತ್ತದೆ.

ಎಚ್ಚರಿಕೆ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಬ್ರೆಂಡಾ ಯಾಂಗ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಕ್ಷ ಕತ್ತರಿಸಿದ ಚಾರ್ಟುಗಳು ಹೇಗೆ ದಾರಿ ತಪ್ಪಿಸುತ್ತವೆ ಎಂದು ಓದುಗರಿಗೆ ಮೊದಲೇ ವಿವರಿಸಲಾಯಿತು. ಪರಿಣಾಮ ಕಡಿಮೆಯಾಯಿತು, ಹೋಗಲಿಲ್ಲ. ಅಕ್ಷದ ಬುಡದಲ್ಲಿ ಅಂಕುಡೊಂಕು ಗೆರೆ ಹಾಕಿ "ಇಲ್ಲಿ ಕತ್ತರಿಸಿದೆ" ಎಂದು ಸೂಚಿಸುವ ರೂಢಿಯೂ ಇದೆ. 2020ರಲ್ಲಿ ಮೈಕೆಲ್ ಕೊರೆಲ್ ಮತ್ತು ಸಂಗಡಿಗರು ಅದನ್ನೂ ಪರೀಕ್ಷಿಸಿದರು. ಅಂಥ ಗುರುತು ಇದ್ದರೂ ಜನ ವ್ಯತ್ಯಾಸವನ್ನು ದೊಡ್ಡದಾಗಿಯೇ ಕಂಡರು. ಆದ್ದರಿಂದ ಅಂಕುಡೊಂಕು ಗೆರೆ ಹಾಕಿದ್ದೇವೆ ಎಂಬುದನ್ನು ನಾನು ಪರಿಹಾರವೆಂದು ಒಪ್ಪುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಅದೇ 92.4, ಅದೇ 93.8. ಅಕ್ಷವನ್ನು 80ರಿಂದ ಶುರುಮಾಡಿದರೆ ಎರಡನೇ ಕಂಬ ಮೊದಲನೆಯದರ 1.11 ಪಟ್ಟು ಕಾಣುತ್ತದೆ. 90ರಿಂದ ಶುರುಮಾಡಿದರೆ ಸುಮಾರು 1.6 ಪಟ್ಟು, 91ರಿಂದ ಸರಿಯಾಗಿ ಎರಡು ಪಟ್ಟು, 92ರಿಂದ ನಾಲ್ಕೂವರೆ. ಬುಡವು ಚಿಕ್ಕ ಕಂಬದ ತುದಿಗೆ ಹತ್ತಿರವಾದಷ್ಟೂ ಈ ಅನುಪಾತ ಮಿತಿಯಿಲ್ಲದೆ ಬೆಳೆಯುತ್ತದೆ. ಅಂದರೆ ಚಿತ್ರದಲ್ಲಿ ಕಾಣುವ ವ್ಯತ್ಯಾಸವನ್ನು ನಿರ್ಧರಿಸಿದ್ದು ಬಿಡಿಭಾಗಗಳಲ್ಲ, ಅಕ್ಷಕ್ಕೆ ಅಂಕಿ ಆರಿಸಿದ ಕೈ. ಸೊನ್ನೆಯಿಂದ ಶುರುಮಾಡಿದಾಗ ಮಾತ್ರ ಕಾಣುವ ಅನುಪಾತ ನಿಜದ ಅನುಪಾತಕ್ಕೆ, ಅಂದರೆ 1.015ಕ್ಕೆ, ಸಮವಾಗುತ್ತದೆ.

ಅಕ್ಷದ ಮೇಲೆ ಅಂಕಿಯೇ ಇಲ್ಲದ ಚಾರ್ಟುಗಳು ಇನ್ನೂ ತೊಂದರೆಯವು. ಕಂಬದ ತಲೆಯ ಮೇಲೆ 92.4, 93.8 ಎಂದಷ್ಟೇ ಬರೆದಿರುತ್ತಾರೆ, ಬುಡದ ಸುಳಿವಿರುವುದಿಲ್ಲ. ಆಗ ಒಂದು ಅಳತೆಪಟ್ಟಿ ಸಾಕು. ಎರಡೂ ಕಂಬಗಳ ಎತ್ತರ ಅಳೆಯಿರಿ, 16 ಮತ್ತು 72. ಎತ್ತರದ ವ್ಯತ್ಯಾಸ 56 ಮಿಲಿಮೀಟರ್, ಮೌಲ್ಯದ ವ್ಯತ್ಯಾಸ 1.4. ಭಾಗಿಸಿದರೆ ಶೇಕಡಾ ಒಂದಕ್ಕೆ 40 ಮಿಲಿಮೀಟರ್ ಎಂಬ ಅಳತೆ ಸಿಗುತ್ತದೆ. ಚಿಕ್ಕ ಕಂಬದ 16 ಮಿಲಿಮೀಟರನ್ನು 40ರಿಂದ ಭಾಗಿಸಿ, 0.4 ಬರುತ್ತದೆ. ಅದನ್ನು 92.4ರಿಂದ ಕಳೆದರೆ 92. ಬುಡ ಇರುವುದು ಅಲ್ಲಿ. ಪರದೆಯ ಮೇಲೆ ಅಳೆದರೂ ನಡೆಯುತ್ತದೆ, ಎರಡು ಕಂಬಗಳಿಗೂ ಒಂದೇ ಝೂಮ್ ಇದ್ದರೆ ಸರಿ. ಅಳತೆಯಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾಗಬಹುದು, ಆದ್ದರಿಂದ ಬುಡ 91.98 ಎಂದು ಬಂದರೆ 92 ಎಂದು ಓದಿಕೊಳ್ಳಿ. ನೇರವಾಗಿ ಬಿಡಿಸುವ ಬದಲು ಮೂರು ಆಯಾಮದಲ್ಲಿ ಓರೆಯಾಗಿ ಬಿಡಿಸಿದ ಕಂಬಗಳಿಗೆ ಈ ಲೆಕ್ಕ ನಂಬಿಕೆಯದ್ದಲ್ಲ.

ಇದೇ ಅಳತೆಯಲ್ಲಿ, ಶೇಕಡಾ ಒಂದಕ್ಕೆ 40 ಮಿಲಿಮೀಟರಿನಂತೆ, ಆ ಕಂಬಗಳನ್ನು ಸೊನ್ನೆಯಿಂದ ಎಳೆದಿದ್ದರೆ ಎಷ್ಟು ಉದ್ದವಿರುತ್ತಿದ್ದವು ಗೊತ್ತೇ? ಒಂದು ಸುಮಾರು 3.70 ಮೀಟರ್, ಇನ್ನೊಂದು 3.75 ಮೀಟರ್. ಪುಟದಲ್ಲಿ ನಿಮಗೆ ತೋರಿಸಿದ್ದು ಎರಡು ಉದ್ದನೆಯ ಗಳುಗಳ ತುದಿಯ ಚೂರುಗಳನ್ನು. ಅದನ್ನೇ 80 ಮಿಲಿಮೀಟರ್ ಎತ್ತರದಲ್ಲಿ ಸೊನ್ನೆಯಿಂದ 100ರವರೆಗೆ ಬಿಡಿಸಿದರೆ ಕಂಬಗಳು ಸುಮಾರು 74 ಮತ್ತು 75 ಮಿಲಿಮೀಟರ್ ಬರುತ್ತವೆ.

ಇಲ್ಲಿಗೆ ಬಂದಾಗ ಇನ್ನೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೂ ಹೌದು. "ಎರಡೂ ಒಂದೇ ಥರ ಕಾಣುತ್ತವೆ. ನಮಗೆ ಆ ಸಣ್ಣ ವ್ಯತ್ಯಾಸವೇ ಮುಖ್ಯ, ಅದನ್ನು ತೋರಿಸುವುದು ಹೇಗೆ?" ಸಣ್ಣ ವ್ಯತ್ಯಾಸ ಎಂದರೆ ಮಹತ್ವವಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ಹಾಗಿದ್ದರೆ ಅಕ್ಷ ಕತ್ತರಿಸುವ ಬದಲು ಅಳೆಯುವ ವಸ್ತುವನ್ನು ಬದಲಿಸಿ. ನಿಮ್ಮ ಚಿಂತೆ ತಿರಸ್ಕೃತ ಬಿಡಿಭಾಗಗಳದ್ದಾದರೆ ಅದನ್ನೇ ಬಿಡಿಸಿ. ಹಳೆಯದರಲ್ಲಿ ಶೇ 7.6, ಹೊಸದರಲ್ಲಿ ಶೇ 6.2. ಸೊನ್ನೆಯಿಂದ ಎಳೆದ ಈ ಕಂಬಗಳಲ್ಲಿ ವ್ಯತ್ಯಾಸ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ತಿರಸ್ಕಾರ ಸುಮಾರು ಶೇ 18ರಷ್ಟು ಇಳಿದಿದೆ ಎಂಬುದೂ ಉದ್ದದಲ್ಲೇ ಪ್ರಾಮಾಣಿಕವಾಗಿ ಇರುತ್ತದೆ. ಇನ್ನೊಂದು ದಾರಿ ಕಂಬ ಬಿಟ್ಟು ಚುಕ್ಕೆ ಹಾಕುವುದು. ಚುಕ್ಕೆಗೆ ಉದ್ದವಿಲ್ಲ, ಅದು ಸ್ಥಾನವನ್ನಷ್ಟೇ ಹೇಳುತ್ತದೆ. ಆದ್ದರಿಂದ ಚುಕ್ಕೆ ಮತ್ತು ರೇಖಾ ಚಾರ್ಟುಗಳಿಗೆ ಸೊನ್ನೆ ಕಡ್ಡಾಯವಲ್ಲ. ಜ್ವರದ ದಾಖಲೆಯನ್ನು ಸೊನ್ನೆ ಡಿಗ್ರಿಯಿಂದ ಬಿಡಿಸಿದರೆ ಕಾಯಿಲೆಯೇ ಕಾಣದೆ ಹೋಗುತ್ತದೆ. ಹಾಗೆಂದು ರೇಖೆಗೆ ಪೂರ್ತಿ ವಿನಾಯಿತಿ ಎಂದೂ ತಿಳಿಯಬೇಡಿ. ಮೇಲೆ ಹೇಳಿದ 2020ರ ಅಧ್ಯಯನದಲ್ಲಿ ಅಕ್ಷ ಕತ್ತರಿಸಿದ ರೇಖಾ ಚಾರ್ಟುಗಳೂ ವ್ಯತ್ಯಾಸವನ್ನು ಹಿಗ್ಗಿಸಿಯೇ ತೋರಿಸಿದವು.

ಆದರೆ ಹಿಗ್ಗಿಸುವ ಮುಂಚೆ, ಹಿಗ್ಗಿಸಲು ಏನಾದರೂ ಇದೆಯೇ ಎಂದೂ ನೋಡಬೇಕು. ಪ್ರತಿ ವಿಧಾನದಲ್ಲಿ 500 ಬಿಡಿಭಾಗ ತಪಾಸಣೆ ಮಾಡಿದಾಗ, ಎರಡು ಶೇಕಡಾವಾರುಗಳ ವ್ಯತ್ಯಾಸದ ಪ್ರಮಾಣಿತ ದೋಷ, ಅಂದರೆ ಬರೀ ಆಕಸ್ಮಿಕವಾಗಿ ಆ ವ್ಯತ್ಯಾಸ ಸಾಮಾನ್ಯವಾಗಿ ಎಷ್ಟು ಏರಿಳಿಯುತ್ತದೆ ಎಂಬ ಅಳತೆ, ಸುಮಾರು 1.6 ಬರುತ್ತದೆ. ನಮ್ಮ ವ್ಯತ್ಯಾಸ 1.4, ಅದಕ್ಕಿಂತಲೂ ಕಡಿಮೆ. ಎರಡೂ ವಿಧಾನ ಒಂದೇ ಆಗಿದ್ದರೂ ಬರೀ ಆಕಸ್ಮಿಕವಾಗಿ ಇಂಥ ಅಂತರ ಧಾರಾಳವಾಗಿ ಬರಬಹುದು. ಹೊಸ ವಿಧಾನ ಉತ್ತಮವಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಈ 500ರಿಂದ ಉತ್ತಮ ಎನ್ನಲೂ ಆಗುವುದಿಲ್ಲ. ನಾಲ್ಕೂವರೆ ಪಟ್ಟಿನ ಕಂಬ ನೋಡಿದವರಿಗೆ ಈ ಪ್ರಶ್ನೆ ಕೇಳಬೇಕೆಂದೇ ತೋಚುವುದಿಲ್ಲ, ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ.

ದುರುದ್ದೇಶದಿಂದ ಅಕ್ಷ ಕತ್ತರಿಸುವವರೂ ಇದ್ದಾರೆ. 2012ರಲ್ಲಿ ಅಮೆರಿಕದ ಒಂದು ಸುದ್ದಿವಾಹಿನಿ ತೆರಿಗೆ ದರ ಶೇ 35ರಿಂದ 39.6ಕ್ಕೆ ಏರುವುದನ್ನು 34ರಿಂದ ಶುರುವಾಗುವ ಕಂಬಗಳಲ್ಲಿ ತೋರಿಸಿತ್ತು. ಉದ್ದೇಶ ಏನಿತ್ತೋ, 1 ಮತ್ತು 5.6ರ ಅನುಪಾತ ಪರದೆಯ ಮೇಲೆ ಬಂತು. ಆದರೆ ಕಚೇರಿಯ ವರದಿಗಳಲ್ಲಿ ಕತ್ತರಿ ಹಾಕುವುದು ಬಹಳ ಸಲ ಮನುಷ್ಯರಲ್ಲ, ತಂತ್ರಾಂಶ. ಎಕ್ಸೆಲ್ಲಿನ ಸ್ವಯಂಚಾಲಿತ ಅಕ್ಷಕ್ಕೆ ಬಹುಕಾಲದಿಂದ ಒಂದು ನಿಯಮವಿದೆ. ಎಲ್ಲ ಮೌಲ್ಯಗಳೂ ಧನಾತ್ಮಕವಾಗಿದ್ದು, ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ ದೊಡ್ಡದರ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದು ಸೊನ್ನೆಯನ್ನು ಬಿಟ್ಟುಬಿಡುತ್ತದೆ. ಚಿಕ್ಕ ಮೌಲ್ಯದಿಂದ ಅಂತರದ ಅರ್ಧದಷ್ಟು ಕೆಳಗಿಳಿದು, ಅಲ್ಲಿಗೋ ಅದರ ಕೆಳಗಿನ ಮೊದಲ ಗುರುತಿಗೋ ಬುಡ ಇಡುತ್ತದೆ. ಎರಡೇ ಕಂಬಗಳಿದ್ದಾಗ ಇದರ ಫಲ ವಿಚಿತ್ರವಾಗಿರುತ್ತದೆ. ಚಿಕ್ಕ ಕಂಬ ಅಂತರದ ಅರ್ಧ, ದೊಡ್ಡದು ಒಂದೂವರೆ, ಅಂದರೆ ಮೂರು ಪಟ್ಟಿನವರೆಗೂ ಕಾಣಬಹುದು. ಅಂತರ 1.4 ಇರಲಿ, 0.1 ಇರಲಿ, ಚಿತ್ರ ಮಾತ್ರ ಬಹುಮಟ್ಟಿಗೆ ಅದೇ. ಸಣ್ಣ ವ್ಯತ್ಯಾಸ ಇದ್ದಾಗಲೇ ಕತ್ತರಿ ಬೀಳುವುದರಿಂದ, ಅತಿ ಹೆಚ್ಚು ಎಚ್ಚರ ಬೇಕಾದ ಕಡೆಯೇ ಚಾರ್ಟ್ ಅತಿ ಹೆಚ್ಚು ಉತ್ಪ್ರೇಕ್ಷೆ ಮಾಡುತ್ತದೆ.

ಸರಿಪಡಿಸಲು ಲಂಬ ಅಕ್ಷದ ಅಂಕಿಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ. Format Axis ತೆರೆದುಕೊಳ್ಳುತ್ತದೆ, ಅದರಲ್ಲಿ Axis Options ಕೆಳಗೆ Bounds ಇದೆ. Minimum ಜಾಗದಲ್ಲಿ ನೀವೇ 0 ಟೈಪ್ ಮಾಡಿ. ಈಗಾಗಲೇ ಅಲ್ಲಿ 0 ಕಾಣುತ್ತಿದ್ದರೂ ಮತ್ತೊಮ್ಮೆ ಟೈಪ್ ಮಾಡಿ ಎಂದು ಹೇಳುತ್ತೇನೆ. ಸ್ವಯಂಚಾಲಿತವಾಗಿ ಬಂದ 0 ಮುಂದಿನ ತಿಂಗಳ ಅಂಕಿ ಹಾಕಿದಾಗ, ಮೌಲ್ಯಗಳು ಹತ್ತಿರವಾದರೆ, ಯಾರಿಗೂ ಹೇಳದೆ ಬದಲಾಗಬಹುದು. ಕೈಯಾರೆ ಹಾಕಿದ್ದು ನಿಲ್ಲುತ್ತದೆ, ಪಕ್ಕದಲ್ಲಿ Reset ಎಂಬ ಗುಂಡಿ ಬಂದರೆ ಅದು ನಿಂತಿದೆ ಎಂದರ್ಥ.